ಸುಖ ಒಂದೇ ಸಾಕೇ? ನೋಜಿಕ್ ಅವರ ಅನುಭವ ಯಂತ್ರ

ಒಂದು ಯಂತ್ರ ಇದೆ ಎಂದಿಟ್ಟುಕೊಳ್ಳಿ. ನಿಮಗೆ ಬೇಕಾದ ಯಾವ ಅನುಭವವನ್ನಾದರೂ ಅದು ಕೊಡುತ್ತದೆ. ನೀರು ತುಂಬಿದ ತೊಟ್ಟಿಯೊಂದರಲ್ಲಿ ನಿಮ್ಮನ್ನು ತೇಲಿಬಿಟ್ಟು, ಮೆದುಳಿಗೆ ತಂತಿಗಳನ್ನು ಜೋಡಿಸಿ, ಮೆದುಳು ಬಲ್ಲ ವಿಜ್ಞಾನಿಗಳು ಅದನ್ನು ಪ್ರಚೋದಿಸುತ್ತಾರೆ. ಆಗ ನೀವೊಂದು ಮಹಾ ಕಾದಂಬರಿ ಬರೆಯುತ್ತಿದ್ದೀರಿ, ಹೊಸ ಸ್ನೇಹಿತರನ್ನು ಪಡೆಯುತ್ತಿದ್ದೀರಿ, ಒಳ್ಳೆಯ ಪುಸ್ತಕವೊಂದನ್ನು ಓದುತ್ತಿದ್ದೀರಿ ಎಂದೇ ನಿಮಗೆ ಅನಿಸುತ್ತದೆ. ಒಳಗಿರುವಷ್ಟು ಹೊತ್ತು ‘ನಾನು ತೊಟ್ಟಿಯಲ್ಲಿದ್ದೇನೆ’ ಎಂಬುದು ನಿಮಗೆ ಗೊತ್ತಿರುವುದಿಲ್ಲ. ಎಲ್ಲವೂ ನಿಜವಾಗಿ ನಡೆಯುತ್ತಿದೆ ಎಂದೇ ನಂಬಿರುತ್ತೀರಿ.

ಯಾವ ಅನುಭವ ಬೇಕು ಎಂದು ಆರಿಸಲು ದೊಡ್ಡದೊಂದು ಪಟ್ಟಿ ಇದೆ. ಮುಂದಿನ 2 ವರ್ಷಕ್ಕೆ ಬೇಕಾದದ್ದನ್ನು ಗುರುತು ಹಾಕಿಕೊಡಬೇಕು. 2 ವರ್ಷ ಮುಗಿದ ಮೇಲೆ ಸ್ವಲ್ಪ ಹೊತ್ತು ಹೊರಗೆ ಬಂದು, ಅದರ ಮುಂದಿನ 2 ವರ್ಷಕ್ಕೆ ಆರಿಸಿ, ಮತ್ತೆ ಒಳಗೆ ಹೋಗಬಹುದು. ಹೀಗೆಯೇ ಬದುಕಿನ ಕೊನೆಯವರೆಗೆ. ಯಂತ್ರ ಕೆಡುವುದಿಲ್ಲ. ನಿಮ್ಮ ಮನೆಯವರೂ ಬೇಕಿದ್ದರೆ ತಮ್ಮದೇ ಯಂತ್ರಕ್ಕೆ ಹೋಗಬಹುದು, ಆದ್ದರಿಂದ ‘ಅವರನ್ನು ನೋಡಿಕೊಳ್ಳುವವರು ಯಾರು’ ಎಂಬ ಚಿಂತೆಯೂ ಇಲ್ಲ.

ಈಗ ಪ್ರಶ್ನೆ. ನೀವು ಜೀವನಪೂರ್ತಿ ಈ ಯಂತ್ರದೊಳಗೆ ಹೋಗಲು ಒಪ್ಪುತ್ತೀರಾ? ಮುಂದಿನ ಸಾಲು ಓದುವ ಮೊದಲು ಮನಸ್ಸಿನಲ್ಲಿ ‘ಹೌದು’ ಅಥವಾ ‘ಇಲ್ಲ’ ಎಂದು ಹೇಳಿಕೊಂಡುಬಿಡಿ.

ಈ ಕಲ್ಪನೆಯನ್ನು ಕೊಟ್ಟವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರ ಕಲಿಸುತ್ತಿದ್ದ ರಾಬರ್ಟ್ ನೋಜಿಕ್. 1974ರಲ್ಲಿ ಬಂದ ‘ಅನಾರ್ಕಿ, ಸ್ಟೇಟ್ ಅಂಡ್ ಯುಟೋಪಿಯಾ’ ಎಂಬ ಪುಸ್ತಕದಲ್ಲಿ ಇದು ಬರುತ್ತದೆ. ಪುಸ್ತಕವಿರುವುದು ಸರ್ಕಾರದ ಅಧಿಕಾರ ಎಷ್ಟಿರಬೇಕು ಎಂಬುದರ ಬಗ್ಗೆ. ಯಂತ್ರದ ಮಾತು ಅದರಲ್ಲಿ ಮೂರು ನಾಲ್ಕು ಪುಟ ಮಾತ್ರ. ಆದರೂ ತತ್ವಶಾಸ್ತ್ರದ ತರಗತಿಗಳಲ್ಲಿ ಆ ಕೆಲವು ಪುಟಗಳ ಚರ್ಚೆ ಇವತ್ತಿಗೂ ನಿಂತಿಲ್ಲ. ನಾನು ಕಲಾ ವಿಭಾಗದವರಿಗೆ ತರ್ಕಶಾಸ್ತ್ರ ಪಾಠ ಮಾಡುವವನು. ಪಾಠ ಬೇಗ ಮುಗಿದ ದಿನ ಈ ಪ್ರಶ್ನೆಯನ್ನು ಹಲವು ಸಲ ತರಗತಿಯಲ್ಲಿ ಇಟ್ಟಿದ್ದೇನೆ. ಹೆಚ್ಚಿನವರು ‘ಬೇಡ ಸರ್’ ಎನ್ನುತ್ತಾರೆ. ಯಾಕೆ ಬೇಡ ಎಂದು ಕೇಳಿದರೆ ಮಾತ್ರ ಉತ್ತರ ಹೇಳಲು ತಡಕಾಡುತ್ತಾರೆ. ಆ ‘ಯಾಕೆ’ಗೆ ಉತ್ತರ ಹುಡುಕುವುದೇ ಈ ಲೇಖನದ ಕೆಲಸ.

ಬಾಣ ಯಾರ ಕಡೆಗೆ?

ಒಳ್ಳೆಯ ಬದುಕು ಎಂದರೇನು ಎಂಬ ಪ್ರಶ್ನೆಗೆ ಬಹಳ ಹಳೆಯದೊಂದು ಉತ್ತರವಿದೆ: ಹೆಚ್ಚು ಸುಖ, ಕಡಿಮೆ ನೋವು ಇರುವ ಬದುಕೇ ಒಳ್ಳೆಯ ಬದುಕು. ಇದನ್ನು ಸುಖವಾದ ಎನ್ನುತ್ತಾರೆ. ಇಂಗ್ಲೆಂಡಿನ ಜೆರೆಮಿ ಬೆಂಥಮ್ 1789ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಸುಖವನ್ನು ಅಳೆಯುವ ಕ್ರಮವನ್ನೇ ಹೇಳಿದರು. ಸುಖ ಎಷ್ಟು ತೀವ್ರ, ಎಷ್ಟು ಹೊತ್ತು ಇರುತ್ತದೆ, ಸಿಗುವುದು ಎಷ್ಟು ಖಚಿತ, ಎಷ್ಟು ಬೇಗ ಸಿಗುತ್ತದೆ, ಅದರ ಹಿಂದೆ ಇನ್ನಷ್ಟು ಸುಖ ಬರುತ್ತದೆಯೇ, ನೋವು ಬೆರೆಯುತ್ತದೆಯೇ, ಎಷ್ಟು ಜನರಿಗೆ ತಲುಪುತ್ತದೆ ಎಂದು ಲೆಕ್ಕ ಹಾಕಬೇಕು ಎಂಬುದು ಅವರ ಮಾತು.

ಇದು ತಿಂದು ಕುಡಿದು ಮಜಾ ಮಾಡುವವರ ವಾದ ಎಂದುಕೊಳ್ಳಬೇಡಿ. ಸುಖ ಎಂದರೆ ಇಲ್ಲಿ ಬಿರಿಯಾನಿಯ ರುಚಿ ಮಾತ್ರವಲ್ಲ. ಗಣಿತದ ಲೆಕ್ಕ ಬಿಡಿಸಿದಾಗಿನ ಸಂತೋಷ, ತಾಯಿಯ ಪಕ್ಕ ಕೂತಾಗಿನ ನೆಮ್ಮದಿ, ಬೇರೆಯವರಿಗೆ ನೆರವಾದಾಗಿನ ತೃಪ್ತಿ, ಎಲ್ಲವೂ ಸೇರಿತು. ಸುಖವಾದಿ ಹೇಳುವುದು ಇಷ್ಟು: ಓದು, ಗೆಳೆತನ, ಸೇವೆ, ಎಲ್ಲವೂ ಒಳ್ಳೆಯವೇ, ಆದರೆ ಅವು ಒಬ್ಬನ ಬದುಕನ್ನು ಒಳ್ಳೆಯದು ಮಾಡುವುದು ಅವನ ಒಳಗೆ ಹುಟ್ಟಿಸುವ ಹಿತವಾದ ಅನುಭವದಿಂದ ಮಾತ್ರ. ಅನುಭವವನ್ನು ತೆಗೆದುಬಿಟ್ಟರೆ ಉಳಿಯುವುದೇನೂ ಇಲ್ಲ.

ಈ ‘ಮಾತ್ರ’ ಎಂಬ ಪದವನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ನೋಜಿಕ್ ಅವರ ಬಾಣ ಇರುವುದು ಸುಖದ ಕಡೆಗೆ ಅಲ್ಲ, ಈ ‘ಮಾತ್ರ’ದ ಕಡೆಗೆ.

ವಾದದ ರೂಪ ನಮ್ಮ ತರ್ಕಶಾಸ್ತ್ರದ ಪಾಠದಲ್ಲಿ ಇರುವುದೇ. ಹಿತವಾದ ಅನುಭವ ಮಾತ್ರ ಬದುಕನ್ನು ಒಳ್ಳೆಯದು ಮಾಡುವುದಾದರೆ, ಅಂಥ ಅನುಭವವನ್ನು ಹೊರಗಿನ ಬದುಕಿಗಿಂತ ಹೆಚ್ಚು ಕೊಡುವ ಯಂತ್ರದ ಬದುಕು ನಮಗೆ ಹೆಚ್ಚು ಒಳ್ಳೆಯದಾಗಬೇಕು. ಆದರೆ ಅದು ಹೆಚ್ಚು ಒಳ್ಳೆಯದು ಎಂದು ನಮಗೆ ಅನಿಸುವುದಿಲ್ಲ. ಆದ್ದರಿಂದ ಹಿತವಾದ ಅನುಭವ ಮಾತ್ರ ಬದುಕನ್ನು ಒಳ್ಳೆಯದು ಮಾಡುತ್ತದೆ ಎಂಬುದು ಸರಿಯಲ್ಲ. ‘ಹೀಗಿದ್ದರೆ ಹಾಗೆ; ಹಾಗಿಲ್ಲ; ಆದ್ದರಿಂದ ಹೀಗಿಲ್ಲ’ ಎಂಬ ಕಟ್ಟು ಇದು. ಕಟ್ಟಿನಲ್ಲಿ ದೋಷವಿಲ್ಲ. ಜಗಳವೇನಿದ್ದರೂ ಎರಡನೆಯ ವಾಕ್ಯದ ಮೇಲೆ.

ತಪ್ಪಿಸಿಕೊಳ್ಳುವ ದಾರಿಗಳು

ತರಗತಿಯಲ್ಲಿ ಮೊದಲು ಬರುವ ಉತ್ತರಗಳು ಸಾಮಾನ್ಯವಾಗಿ ಪ್ರಶ್ನೆಯಿಂದ ತಪ್ಪಿಸಿಕೊಳ್ಳುವ ಉತ್ತರಗಳು. ‘ಕರೆಂಟ್ ಹೋದರೆ ಏನು ಮಾಡೋದು ಸರ್?’ ಎಂದು ಒಬ್ಬ ಕೇಳುತ್ತಾನೆ. ಎಲ್ಲರೂ ನಗುತ್ತಾರೆ. ಆದರೆ ಯಂತ್ರ ಕೆಟ್ಟರೆ ಸುಖ ಕಡಿಮೆಯಾಗುತ್ತದೆ ಎಂಬುದಷ್ಟೇ ಇದರ ಅರ್ಥ. ಅಂದರೆ ಇದು ಸುಖವಾದಿಯ ಲೆಕ್ಕದೊಳಗೇ ಇರುವ ಉತ್ತರ. ಚಿಂತನ ಪ್ರಯೋಗದಲ್ಲಿ ಯಂತ್ರ ಕೆಡುವುದಿಲ್ಲ ಎಂದು ಮೊದಲೇ ಒಪ್ಪಿಕೊಂಡಾಗಿದೆ. ಪ್ರಯೋಗಾಲಯದಲ್ಲಿ ಒಂದು ಅಂಶ ಬಿಟ್ಟು ಉಳಿದೆಲ್ಲವನ್ನೂ ಸಮನಾಗಿ ಇಡುತ್ತೇವಲ್ಲ, ಇದೂ ಹಾಗೆಯೇ.

‘ದುಃಖವೇ ಇಲ್ಲದಿದ್ದರೆ ಸುಖದ ಬೆಲೆ ಗೊತ್ತಾಗಲ್ಲ, ಬೇಜಾರು ಬರುತ್ತೆ’ ಎಂಬುದು ಇನ್ನೊಂದು ಉತ್ತರ. ಕೇಳಲು ಚೆನ್ನಾಗಿದೆ. ಆದರೆ ಬೇಜಾರು ಬರದ ಹಾಗೆ ಬೇಕಾದಷ್ಟು ಕಷ್ಟ, ಸೋಲು, ಕಣ್ಣೀರನ್ನೂ ಪಟ್ಟಿಯಿಂದ ಆರಿಸಿಕೊಳ್ಳಬಹುದು. ಮೊದಲ ಸಲ ಫೇಲಾಗಿ ಎರಡನೆಯ ಸಲ ಗೆದ್ದ ಅನುಭವವನ್ನೇ ಯಂತ್ರ ಕೊಡುತ್ತದೆ. ಆದ್ದರಿಂದ ಈ ಉತ್ತರವೂ ನಿಲ್ಲುವುದಿಲ್ಲ.

ಈ ದಾರಿಗಳನ್ನೆಲ್ಲ ಮುಚ್ಚಿದ ಮೇಲೂ ‘ಆದರೂ ಬೇಡ’ ಎನ್ನುವವರು ಇರುತ್ತಾರೆ. ಆ ‘ಆದರೂ’ ಎಂಬಲ್ಲಿಯೇ ನೋಜಿಕ್ ಅವರಿಗೆ ಬೇಕಾದದ್ದು ಇದೆ.

ನೋಜಿಕ್ ಕೊಡುವ ಮೂರು ಕಾರಣ

ಮೊದಲನೆಯದು: ನಮಗೆ ಕೆಲವು ಕೆಲಸಗಳನ್ನು ಮಾಡಬೇಕು ಎಂಬ ಆಸೆ ಇದೆ, ಮಾಡಿದಂತೆ ಅನಿಸಬೇಕು ಎಂಬ ಆಸೆ ಮಾತ್ರವಲ್ಲ. ನೀವು ನರ್ಸ್ ಆಗಬೇಕು ಎಂದುಕೊಂಡಿದ್ದೀರಿ. ಹಾಗಾದರೆ ನಿಮಗೆ ಬೇಕಿರುವುದು ನಿಜವಾದ ರೋಗಿಯೊಬ್ಬನ ಗಾಯಕ್ಕೆ ಪಟ್ಟಿ ಕಟ್ಟುವುದು. ಕಟ್ಟಿದ ಮೇಲೆ ಬರುವ ತೃಪ್ತಿ ಆ ಕೆಲಸದ ಜತೆಗೆ ಬರುವಂಥದ್ದು. ಅನುಭವ ಬೇಕು ಎನಿಸುವುದೇ ಅನೇಕ ಸಲ ಆ ಕೆಲಸ ನಮಗೆ ಬೇಕಾಗಿರುವುದರಿಂದ.

ಎರಡನೆಯದು: ನಾವು ಒಂದು ಬಗೆಯ ವ್ಯಕ್ತಿ ಆಗಿರಬೇಕು ಎಂಬ ಆಸೆ. ತೊಟ್ಟಿಯಲ್ಲಿ ಬಹಳ ಕಾಲ ತೇಲುತ್ತಿರುವವನು ಎಂಥವನು ಎಂದು ಕೇಳಿದರೆ ಏನು ಹೇಳುತ್ತೀರಿ? ಧೈರ್ಯವಂತನೇ? ಅವನು ಯಾವ ಅಪಾಯವನ್ನೂ ಎದುರಿಸಿಲ್ಲ. ದಯಾಳುವೇ? ಅವನು ಯಾರಿಗೂ ಏನೂ ಕೊಟ್ಟಿಲ್ಲ. ತಾನು ಧೈರ್ಯಶಾಲಿ ಎಂಬ ಅನುಭವ ಅವನಿಗೆ ಇರಬಹುದು. ಆದರೆ ಅವನು ಹೇಗಿದ್ದಾನೆ ಎಂಬ ಪ್ರಶ್ನೆಗೆ ಉತ್ತರವೇ ಇಲ್ಲ ಎಂಬುದು ನೋಜಿಕ್ ಅವರ ವಾದ.

ಮೂರನೆಯದು: ಯಂತ್ರದೊಳಗೆ ಮನುಷ್ಯರು ತಯಾರಿಸಿದ್ದನ್ನು ಬಿಟ್ಟು ಬೇರೇನೂ ಸಿಗುವುದಿಲ್ಲ. ನಮಗಿಂತ ಆಳವಾದ, ನಾವು ಮಾಡಿರದ ವಾಸ್ತವದೊಂದಿಗೆ ನಿಜವಾದ ಸಂಪರ್ಕ ಅಲ್ಲಿ ಸಾಧ್ಯವಿಲ್ಲ. ಅಂಥ ಅನುಭವದ ನಕಲನ್ನು ಮಾತ್ರ ಯಂತ್ರ ಕೊಡಬಲ್ಲದು. ದೇವರನ್ನು ನಂಬುವವರಿಗೆ ಇದರ ತೂಕ ಬೇಗ ಗೊತ್ತಾಗುತ್ತದೆ. ಪ್ರಾರ್ಥಿಸುವವನಿಗೆ ಬೇಕಿರುವುದು ‘ಯಾರೋ ಕೇಳಿಸಿಕೊಂಡರು’ ಎಂಬ ಭಾವನೆಯೊಂದೇ ಅಲ್ಲ, ನಿಜವಾಗಿ ಕೇಳಿಸಿಕೊಳ್ಳಬೇಕು.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ‘ಈಗಲೇ ನಾವು ಯಂತ್ರದಲ್ಲಿಲ್ಲ ಎಂದು ಹೇಗೆ ಗೊತ್ತು ಸರ್?’ ಎಂದು ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ. ಅದು ಒಳ್ಳೆಯ ಪ್ರಶ್ನೆ, ಬಹಳ ಹಳೆಯದೂ ಹೌದು. 1111ರಲ್ಲಿ ತೀರಿಕೊಂಡ ಇಮಾಮ್ ಗಝ್ಝಾಲಿ ತಮ್ಮ ಆತ್ಮಕಥನದಂಥ ಕೃತಿಯಲ್ಲಿ ಇದಕ್ಕೆ ಹತ್ತಿರದ ಪ್ರಶ್ನೆಯನ್ನು ಎತ್ತಿದ್ದಾರೆ. ಕನಸಿನಲ್ಲಿರುವಾಗ ಕನಸೇ ನಿಜ ಎನಿಸುತ್ತದೆ. ಎಚ್ಚರದಲ್ಲಿ ಕಂಡದ್ದೂ ಇನ್ನೊಂದು ಸ್ಥಿತಿಯ ಮುಂದೆ ಕನಸಿನಂತೆ ಇರಬಾರದೇಕೆ ಎಂಬ ಸಂಶಯ ಅದು. ಆದರೆ ಅದು ತಿಳಿವಳಿಕೆಯ ಪ್ರಶ್ನೆ: ನಿಜ ಯಾವುದು ಎಂದು ತಿಳಿಯುವುದು ಹೇಗೆ? ನೋಜಿಕ್ ಅವರದು ಬೆಲೆಯ ಪ್ರಶ್ನೆ: ನಿಜ ಯಾವುದು ಎಂದು ಗೊತ್ತಿದ್ದಾಗ, ಅದು ನಮಗೆ ಮುಖ್ಯವೇ? ಎರಡನ್ನೂ ಬೆರೆಸಬಾರದು.

ಆದರೆ ಆ ‘ಬೇಡ’ವನ್ನು ನಂಬಬಹುದೇ?

ಎರಡನೆಯ ವಾಕ್ಯದ ಮೇಲೆ ಜಗಳ ಎಂದೆನಲ್ಲ, ಅದು ಇಲ್ಲಿದೆ. ಜನರು ‘ಬೇಡ’ ಎನ್ನುವುದು ನಿಜ ಮುಖ್ಯವಾದ್ದರಿಂದಲೋ, ಅಥವಾ ಇರುವ ಬದುಕನ್ನು ಬಿಡಲು ಮನಸ್ಸು ಬಾರದೆಯೋ? ಬಾಡಿಗೆ ಮನೆ ಎಷ್ಟೇ ಹಳತಾಗಿದ್ದರೂ ಬಿಟ್ಟು ಹೋಗಲು ಮನಸ್ಸು ಬರುವುದಿಲ್ಲ. ಇದ್ದದ್ದೇ ಇರಲಿ ಎಂಬ ಈ ಒಲವು ಎಲ್ಲರಲ್ಲೂ ಇದೆ.

ಇದನ್ನು ಪರೀಕ್ಷಿಸಲು ಫೆಲಿಪೆ ದೆ ಬ್ರಿಗಾರ್ಡ್ ಎಂಬ ಸಂಶೋಧಕರು ಪ್ರಶ್ನೆಯನ್ನು ತಿರುಗಿಸಿ ಹಾಕಿದರು. ಅಮೆರಿಕದ ಕಾಲೇಜು ವಿದ್ಯಾರ್ಥಿಗಳಿಗೆ ಅವರು ಕೊಟ್ಟ ಸನ್ನಿವೇಶ ಹೀಗಿದೆ. ಒಂದು ದಿನ ಯಾರೋ ನಿಮ್ಮ ಮನೆ ಬಾಗಿಲು ತಟ್ಟಿ, ‘ಕ್ಷಮಿಸಿ, ದೊಡ್ಡ ತಪ್ಪಾಗಿದೆ. ನೀವು ಈವರೆಗೆ ಬದುಕಿದ್ದು ಯಂತ್ರದೊಳಗೆ. ಈಗ ಹೊರಗೆ ಬರುತ್ತೀರಾ, ಇಲ್ಲೇ ಇರುತ್ತೀರಾ? ಇಲ್ಲೇ ಇರುವುದಾದರೆ ಈ ಮಾತುಕತೆಯ ನೆನಪನ್ನು ಅಳಿಸಿಬಿಡುತ್ತೇವೆ’ ಎನ್ನುತ್ತಾರೆ. ಈಗ ‘ಇರುವ ಬದುಕು’ ಎಂದರೆ ಯಂತ್ರದ ಬದುಕೇ ಆಯಿತು.

2010ರಲ್ಲಿ ಪ್ರಕಟವಾದ ಫಲಿತಾಂಶ ಇದು. ಹೊರಗಿನ ನಿಜ ಬದುಕು ಹೇಗಿದೆ ಎಂದು ಏನೂ ಹೇಳದಿದ್ದಾಗ 46% ವಿದ್ಯಾರ್ಥಿಗಳು ಯಂತ್ರದಲ್ಲೇ ಇರುತ್ತೇವೆ ಎಂದರು. ಇನ್ನೊಂದು ಗುಂಪಿಗೆ ‘ನಿಜದಲ್ಲಿ ನೀವು ಬಿಗಿ ಕಾವಲಿನ ಜೈಲಿನಲ್ಲಿರುವ ಕೈದಿ’ ಎಂದಾಗ 87% ಇಲ್ಲೇ ಇರುತ್ತೇವೆ ಎಂದರು. ‘ನಿಜದಲ್ಲಿ ನೀವು ಮೊನಾಕೊದಲ್ಲಿರುವ ಕೋಟ್ಯಧೀಶ ಕಲಾವಿದ’ ಎಂದು ಹೇಳಿದ ಮೂರನೆಯ ಗುಂಪಿನಲ್ಲೂ ಅರ್ಧದಷ್ಟು ಜನ ಹೊರಗೆ ಬರಲು ಒಪ್ಪಲಿಲ್ಲ.

ಇದು ನೋಜಿಕ್ ಅವರ ವಾದಕ್ಕೆ ಗಟ್ಟಿಯಾದ ಪೆಟ್ಟು. ‘ಬೇಡ’ ಎಂಬ ಉತ್ತರದಲ್ಲಿ ಒಂದಷ್ಟು ಪಾಲು ಬದಲಾವಣೆಯ ಭಯದ್ದೇ ಎಂದು ಒಪ್ಪಬೇಕು. ಆದರೆ ಇನ್ನೊಂದು ಬದಿಯನ್ನೂ ನೋಡಿ. ಏನೂ ಹೇಳದಿದ್ದಾಗಲೂ ಅರ್ಧಕ್ಕಿಂತ ಹೆಚ್ಚು ಜನ, ಹೊರಗೆ ಏನಿದೆ ಎಂದೇ ತಿಳಿಯದೆ, ತಮ್ಮ ಇಡೀ ಪರಿಚಿತ ಬದುಕನ್ನು ಬಿಟ್ಟು ನಿಜಕ್ಕೆ ಬರುತ್ತೇವೆ ಎಂದಿದ್ದಾರೆ. ಅವರನ್ನು ಹೊರಗೆ ಎಳೆದದ್ದು ಇರುವುದನ್ನು ಬಿಡದ ಒಲವಂತೂ ಅಲ್ಲ. ಇನ್ನೂ ಒಂದು ಮಾತು. ಮನೆಯಲ್ಲಿ ತಮ್ಮ ತಂಗಿ ಎಂದು ತಿಳಿದವರನ್ನು ಬಿಟ್ಟುಹೋಗುವುದು ಎಂದುಕೊಂಡು ‘ಇಲ್ಲೇ ಇರುತ್ತೇನೆ’ ಎಂದವರೂ ಇರಬಹುದು. ಅದು ಸುಖದ ಲೆಕ್ಕವಲ್ಲ, ಪ್ರೀತಿಯ ಲೆಕ್ಕ.

2018ರಲ್ಲಿ ಫ್ರಾಂಕ್ ಹಿಂಡ್ರಿಕ್ಸ್ ಮತ್ತು ಇಗೋರ್ ಡೌವೆನ್ ಪ್ರಕಟಿಸಿದ ಅಧ್ಯಯನ ಇದನ್ನು ಇನ್ನಷ್ಟು ತಿಳಿಯಾಗಿಸಿತು. ಯಂತ್ರಕ್ಕೆ ಹೋಗುತ್ತೇವೆ ಎಂದವರು 29%. ತೊಟ್ಟಿಯ ಬದಲು, ಇದ್ದ ಜಗತ್ತಿನಲ್ಲೇ ಇದ್ದು ಹಿತವಾದ ಅನುಭವ ಕೊಡುವ ಮಾತ್ರೆ ಎಂದಾಗ ಒಪ್ಪಿದವರು 53%. ನಮ್ಮ ಸಾಮರ್ಥ್ಯವನ್ನೇ ಹೆಚ್ಚಿಸುವ ಮಾತ್ರೆ ಎಂದಾಗ 89%. ಬದಲಾವಣೆ ಎಂದರೆ ಜನ ಹೆದರುತ್ತಾರೆ ಎಂಬುದೊಂದೇ ಕಾರಣವಾಗಿದ್ದರೆ ಮೂರಕ್ಕೂ ಒಂದೇ ರೀತಿ ಹಿಂಜರಿಯಬೇಕಿತ್ತು. ಹೊರಗಿನ ಜಗತ್ತಿನೊಂದಿಗೆ ನಂಟು ಉಳಿದಷ್ಟೂ ಒಪ್ಪಿಗೆ ಹೆಚ್ಚಾಗಿದೆ.

ತೊಟ್ಟಿ ಇಲ್ಲದ ಯಂತ್ರ

ತೊಟ್ಟಿ, ತಂತಿ ಎಂದರೆ ಮನಸ್ಸು ಸಿನಿಮಾದ ಕಡೆ ಓಡುತ್ತದೆ. ಒಳಗೆ ಹೋಗುವ ಹೊರಗೆ ಬರುವ ಆಯ್ಕೆಯೇ ಇಲ್ಲದ ಉದಾಹರಣೆಯೊಂದು ಸಿಕ್ಕರೆ ಭಯದ ಪಾಲನ್ನು ಪೂರ್ತಿ ಬದಿಗಿಡಬಹುದು. ಕರಾವಳಿಯ ನಮ್ಮ ಮಕ್ಕಳಿಗೆ ಅರ್ಥವಾಗಲಿ ಎಂದು ನಾನೇ ಕಟ್ಟಿಕೊಂಡ ಕಥೆ ಇದು.

ಇಬ್ಬರು ದಮ್ಮಾಮಿನಲ್ಲಿ ಕೆಲಸ ಮಾಡುತ್ತಾರೆ. ಇಬ್ಬರೂ 22 ವರ್ಷ ಊರಿಗೆ ದುಡ್ಡು ಕಳಿಸುತ್ತಾರೆ. ಮೊದಲನೆಯವರ ದುಡ್ಡಿನಲ್ಲಿ ಊರಲ್ಲಿ ತಾರಸಿ ಮನೆ ಏಳುತ್ತದೆ, ತಂಗಿಯ ಮದುವೆಯಾಗುತ್ತದೆ, ಮಗ ಓದುತ್ತಾನೆ. ತಮ್ಮ ತಿಂಗಳಿಗೊಮ್ಮೆ ಫೋಟೋ ಕಳಿಸುತ್ತಾನೆ, ಮನೆಯವರು ಫೋನಿನಲ್ಲಿ ನಗುತ್ತಾ ಮಾತಾಡುತ್ತಾರೆ. ಎರಡನೆಯವರ ದುಡ್ಡನ್ನು ತಮ್ಮ ತನ್ನ ಸಾಲಕ್ಕೂ ಶೋಕಿಗೂ ಕಳೆಯುತ್ತಾನೆ. ಅವನು ಕಳಿಸುವುದು ಬೇರೆ ಯಾರದೋ ಮನೆಯ ಫೋಟೋ. ಮಗ ಶಾಲೆ ಬಿಟ್ಟು ಎಷ್ಟೋ ವರ್ಷವಾಗಿದೆ. ಮನೆಯವರೆಲ್ಲ ಸೇರಿ ಫೋನಿನಲ್ಲಿ ಅಷ್ಟೇ ಚೆನ್ನಾಗಿ ನಗುತ್ತಾರೆ, ಇಟ್ಟ ಮೇಲೆ ಅವರನ್ನು ಗೇಲಿ ಮಾಡುತ್ತಾರೆ. ಇಬ್ಬರಿಗೂ ಊರಿಗೆ ಬರಲು ಆಗುವುದೇ ಇಲ್ಲ ಎಂದಿಟ್ಟುಕೊಳ್ಳಿ. ಇಬ್ಬರೂ ಅಲ್ಲೇ, ಒಂದೇ ವಯಸ್ಸಿನಲ್ಲಿ, ‘ನನ್ನ ಬೆವರು ಸಾರ್ಥಕವಾಯಿತು’ ಎಂಬ ಒಂದೇ ನೆಮ್ಮದಿಯಲ್ಲಿ ಕಣ್ಣು ಮುಚ್ಚುತ್ತಾರೆ.

ಒಳಗಿನಿಂದ ನೋಡಿದರೆ ಎರಡು ಬದುಕಿಗೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಪ್ರತಿ ದಿನದ ಸಂತೋಷ ಒಂದೇ, ನೋವು ಒಂದೇ. ಬೆಂಥಮ್ ಅವರ ಅಳತೆಗೋಲು ಹಿಡಿದರೆ ಇಬ್ಬರ ಪಾಲಿನ ಸುಖಕ್ಕೂ ಸಮ ಅಂಕ. ಹಾಗಾದರೆ ಎರಡೂ ಬದುಕು ಅವರಿಬ್ಬರಿಗೆ ಸಮನಾಗಿ ಒಳ್ಳೆಯವೇ?

ಈ ಕಥೆ ಹೇಳಿದ ದಿನ ತರಗತಿಯಲ್ಲಿ ನಗು ನಿಂತಿತ್ತು. ತುಂಬ ಮಕ್ಕಳ ತಂದೆಯೋ ಮಾಮನೋ ಅಲ್ಲೇ ಇದ್ದಾರೆ. ಹಿಂದಿನ ಬೆಂಚಿನ ಒಬ್ಬ ಎದ್ದು, ‘ಅವರಿಗೆ ಗೊತ್ತೇ ಆಗಲಿಲ್ಲವಲ್ಲ ಸರ್, ಇನ್ನು ನಷ್ಟ ಏನು?’ ಎಂದ. ಮುಂದಿನ ಸಾಲಿನ ಹುಡುಗಿಯೊಬ್ಬಳು ಅಷ್ಟೇ ಬೇಗ ಹೇಳಿದಳು: ‘ಗೊತ್ತಾಗಲಿಲ್ಲ ಅಂತ ಕಳ್ಳತನ ಆಗಲೇ ಇಲ್ಲ ಅಂತ ಆಗುತ್ತಾ? ನಮ್ಮ ಉಪ್ಪನಿಗೆ ಹಾಗಾಗಿದ್ದರೆ, ಅವರು ಖುಷಿಯಾಗಿದ್ದರು ಅಂತ ನಾನು ಸುಮ್ಮನಿರಲ್ಲ. ಇನ್ನೂ ಜಾಸ್ತಿ ಅಳ್ತೇನೆ.’

ಆ ಹುಡುಗಿ ಹೇಳಿದ್ದಕ್ಕೆ ಹತ್ತಿರದ ಮಾತನ್ನು ತತ್ವಶಾಸ್ತ್ರಜ್ಞ ಥಾಮಸ್ ನೇಗಲ್ 1970ರಲ್ಲಿ ಸಾವಿನ ಕುರಿತ ಒಂದು ಪ್ರಬಂಧದಲ್ಲಿ ಹೇಳಿದ್ದಾರೆ. ಮೋಸ ಹೋದದ್ದು ತಿಳಿದಾಗ ನಮಗೆ ದುಃಖವಾಗುತ್ತದೆ. ತಿಳಿದಾಗ ದುಃಖವಾಗುವುದರಿಂದ ಮೋಸ ಕೆಟ್ಟದ್ದಾಯಿತೇ? ಅಲ್ಲ. ಮೋಸ ಮೊದಲೇ ಕೆಟ್ಟದ್ದಾಗಿತ್ತು, ಆದ್ದರಿಂದ ತಿಳಿದಾಗ ದುಃಖವಾಯಿತು. ದುಃಖವು ನಷ್ಟದ ಸುದ್ದಿಯೇ ಹೊರತು ನಷ್ಟವೇ ಅಲ್ಲ. ಸುದ್ದಿ ಬರದಿದ್ದರೂ ನಷ್ಟ ಇರುತ್ತದೆ.

ಈ ಕಥೆಯಲ್ಲಿ ಯಾರೂ ಯಾವ ಯಂತ್ರಕ್ಕೂ ಹೋಗಬೇಕಿಲ್ಲ, ಯಾವುದನ್ನೂ ಬಿಡಬೇಕಿಲ್ಲ. ನಾವು ಹೊರಗೆ ನಿಂತು ಎರಡು ಮುಗಿದ ಬದುಕನ್ನು ಹೋಲಿಸುತ್ತಿದ್ದೇವೆ ಅಷ್ಟೆ. ಬದಲಾವಣೆಯ ಭಯ ಎಂಬ ಉತ್ತರ ಇಲ್ಲಿ ಹೊಂದುವುದಿಲ್ಲ. ಆದರೂ ಮೊದಲನೆಯವರ ಬದುಕು ಹೆಚ್ಚು ಒಳ್ಳೆಯದು ಎಂದು ನಿಮಗೆ ಅನಿಸಿದರೆ, ಒಳಗಿನ ಅನುಭವ ಮಾತ್ರ ಎಲ್ಲವೂ ಅಲ್ಲ ಎಂದು ನೀವು ಒಪ್ಪಿದ ಹಾಗೆ.

ಸುಖವಾದಿ ಸುಮ್ಮನಿರುವುದಿಲ್ಲ

ಸುಖವಾದಿಯ ಬಳಿ ಒಂದು ಒಳ್ಳೆಯ ಉತ್ತರ ಉಳಿದಿದೆ. ಅದನ್ನು ಹೇಳದಿದ್ದರೆ ನ್ಯಾಯವಾಗುವುದಿಲ್ಲ. ‘ನಿಮಗೆ ಹಾಗೆ ಅನಿಸುವುದು ಅಭ್ಯಾಸದಿಂದ. ಸಾಮಾನ್ಯ ಬದುಕಿನಲ್ಲಿ ನಿಜವಾದ ಗೆಳೆಯರು, ನಿಜವಾದ ಗಳಿಕೆ, ನಿಜವಾದ ತಿಳಿವಳಿಕೆಯಿಂದಲೇ ಬಾಳುವ ಸುಖ ಬರುತ್ತದೆ. ಸುಳ್ಳಿನ ಸುಖ ಒಂದಲ್ಲ ಒಂದು ದಿನ ಬಯಲಾಗಿ ನೋವು ತರುತ್ತದೆ. ಅದಕ್ಕೇ ನಮ್ಮ ಮನಸ್ಸು ನಿಜವನ್ನು ಇಷ್ಟಪಡಲು ಕಲಿತಿದೆ. ಆ ಕಲಿಕೆ ಎಷ್ಟು ಗಟ್ಟಿಯೆಂದರೆ, ಸುಳ್ಳು ಎಂದೂ ಬಯಲಾಗದ ಕಟ್ಟುಕಥೆಯಲ್ಲೂ ಮನಸ್ಸು ಹಿಂಜರಿಯುತ್ತದೆ. ಹಿಂಜರಿದದ್ದರಿಂದ ಅಲ್ಲಿ ನಿಜವಾದ ನಷ್ಟವಿದೆ ಎಂದು ಸಾಬೀತಾಗುವುದಿಲ್ಲ.’

ಇದನ್ನು ಸುಲಭವಾಗಿ ತಳ್ಳಿಹಾಕಲಾಗದು. ನಮ್ಮ ಅನಿಸಿಕೆ ಹೇಗೆ ಬಂತು ಎಂದು ವಿವರಿಸಿದ ಮಾತ್ರಕ್ಕೆ ಅದು ಸುಳ್ಳಾಗುವುದಿಲ್ಲ ಎಂದು ನಾನು ಹೇಳುತ್ತೇನೆ. ಸುಖ ಒಳ್ಳೆಯದು ಎಂಬ ಅನಿಸಿಕೆಯೂ ನಮ್ಮ ದೇಹದ ರಚನೆಯಿಂದಲೇ ಬಂದದ್ದು; ಅದೇ ಕಾರಣಕ್ಕೆ ಅದನ್ನು ಬಿಡಲು ಸುಖವಾದಿ ಒಪ್ಪುವುದಿಲ್ಲವಲ್ಲ. ಆದರೂ ಅನುಭವ ಯಂತ್ರ ಸುಖವಾದವನ್ನು ಗಣಿತದ ಪ್ರಮೇಯದಂತೆ ಸುಳ್ಳೆಂದು ತೋರಿಸಿಲ್ಲ. ಅದು ಸುಖವಾದಿಯ ಮುಂದೆ ಒಂದು ಬಿಲ್ಲು ಇಟ್ಟಿದೆ: ದಮ್ಮಾಮಿನ ಇಬ್ಬರ ಬದುಕೂ ಅವರಿಗೆ ಸಮ ಎಂದು ಹೇಳಲು ಸಿದ್ಧರಿದ್ದರೆ ಮಾತ್ರ ನೀವು ಸುಖವಾದಿಯಾಗಿ ಉಳಿಯಬಹುದು. ಆ ಬೆಲೆ ತೆರಲು ನಾನು ಸಿದ್ಧನಿಲ್ಲ.

ಯಂತ್ರ ತೋರಿಸದೇ ಇರುವುದು ಇನ್ನೊಂದಿದೆ. ಸುಖ ಬೇಡ ಎಂದು ಅದು ಹೇಳುವುದಿಲ್ಲ. ಜೈಲಿನ ಸನ್ನಿವೇಶದಲ್ಲಿ 87% ಯಂತ್ರವನ್ನೇ ಆರಿಸಿದ್ದನ್ನು ನೆನಪಿಡಿ. ತಾಳಲಾರದ ನೋವಿನಲ್ಲಿರುವ ಕ್ಯಾನ್ಸರ್ ರೋಗಿಗೆ ಮಾರ್ಫಿನ್ ಕೊಡುವಾಗ ‘ನಿಜದ ಸಂಪರ್ಕ ಕಡಿಮೆಯಾಗುತ್ತದೆ’ ಎಂದು ಯಾರೂ ತಡೆಯಬಾರದು. ನಿಜವೂ ಮುಖ್ಯ, ನೋವಿಲ್ಲದಿರುವುದೂ ಮುಖ್ಯ, ಒಮ್ಮೊಮ್ಮೆ ಒಂದಕ್ಕಾಗಿ ಇನ್ನೊಂದನ್ನು ಬಿಡಬೇಕಾಗುತ್ತದೆ. ಎಷ್ಟಕ್ಕೆ ಎಷ್ಟು ಎಂಬ ಲೆಕ್ಕವನ್ನು ಈ ಪ್ರಯೋಗ ಹೇಳಿಕೊಡುವುದಿಲ್ಲ.

ನಮ್ಮ ನಡುವಿನ ಸಣ್ಣ ಯಂತ್ರಗಳು

ಇಷ್ಟೆಲ್ಲ ಯೋಚಿಸಿ ಆಗುವುದೇನು? ನನ್ನ ಮಟ್ಟಿಗೆ ಒಂದು ಸಣ್ಣ ಬದಲಾವಣೆ ಆಗಿದೆ. ಅದನ್ನು ಮೇಷ್ಟ್ರಾದ ನನ್ನ ಸಹೋದ್ಯೋಗಿಗಳೂ ಗಮನಿಸಲಿ ಎಂದು ಇಲ್ಲಿ ಬರೆಯುತ್ತಿದ್ದೇನೆ.

ವಿದ್ಯಾರ್ಥಿನಿಯೊಬ್ಬಳು ಕವನ ಬರೆದು ತಂದು ತೋರಿಸುತ್ತಾಳೆ. ಕವನ ಚೆನ್ನಾಗಿಲ್ಲ. ‘ತುಂಬಾ ಚೆನ್ನಾಗಿದೆ ಮಗಳೇ’ ಎಂದರೆ ಅವಳ ಮುಖ ಅರಳುತ್ತದೆ. ಕಿರುಪರೀಕ್ಷೆಯಲ್ಲಿ 11 ಅಂಕ ಬರಬೇಕಾದ ಹುಡುಗನಿಗೆ 16 ಕೊಟ್ಟರೆ ಅವನೂ, ಅವನ ಮನೆಯವರೂ ಖುಷಿ. ಸುಖದ ಲೆಕ್ಕದಲ್ಲಿ ಎಲ್ಲರಿಗೂ ಲಾಭ. ಆದರೆ ನಾವು ಮಾಡಿದ್ದೇನು? ಅವರಿಗೆ ಗೊತ್ತಿಲ್ಲದೆ ಅವರ ಸುತ್ತ ಒಂದು ಪುಟ್ಟ ತೊಟ್ಟಿ ಕಟ್ಟಿದೆವು. ಆ ಹುಡುಗಿಗೆ ಬೇಕಿದ್ದದ್ದು ಒಳ್ಳೆಯ ಕವನ ಬರೆಯುವುದು. ನಾವು ಕೊಟ್ಟದ್ದು ಬರೆದೆ ಎಂಬ ಅನಿಸಿಕೆ. ನೋಜಿಕ್ ಅವರ ಮೊದಲನೆಯ ಕಾರಣ ಇಲ್ಲಿ ನೇರವಾಗಿ ಅನ್ವಯಿಸುತ್ತದೆ.

ಸುಳ್ಳು ಹೊಗಳಿಕೆ ಮುಂದೆ ಬಯಲಾಗಿ ನೋವಾಗುತ್ತದೆ ಎಂಬುದು ಒಂದು ಮಾತು. ಅದು ಎಂದೂ ಬಯಲಾಗದಿದ್ದರೂ ಅವಳಿಂದ ಏನನ್ನೋ ಕಸಿದುಕೊಂಡಂತೆ ಎಂಬುದು ಅನುಭವ ಯಂತ್ರ ಕಲಿಸುವ ಮಾತು. ಅದಕ್ಕೇ ಈಗ ನಾನು, ‘ಮೂರನೆಯ ಸಾಲು ಚೆನ್ನಾಗಿದೆ, ಉಳಿದದ್ದು ಇನ್ನೂ ಕವನ ಆಗಿಲ್ಲ, ಮತ್ತೆ ಬರೆದು ತಾ’ ಎನ್ನುತ್ತೇನೆ. ಮುಖ ಸ್ವಲ್ಪ ಬಾಡುತ್ತದೆ. ಆದರೆ ಮುಂದಿನ ಸಲ ಅವಳು ತರುವ ಕವನ ಚೆನ್ನಾಗಿದ್ದು, ನಾನು ‘ಚೆನ್ನಾಗಿದೆ’ ಎಂದರೆ, ಆ ಸಂತೋಷದ ಹಿಂದೆ ನಿಜವಾಗಿಯೂ ಒಂದು ಕವನ ಇರುತ್ತದೆ.